‘ದ್ರವ್ಯದ ಅಪೇಕ್ಷೆಯಿಂದ ಮಡಕೆ ಇದೆ’

ಜೈನ ಪಂಡಿತರೊಬ್ಬರ ಕನ್ನಡ ವ್ಯಾಖ್ಯಾನದ ಇಂಗ್ಲಿಷ್ ಅನುವಾದ ಪರಿಶೀಲನೆಗೆಂದು ನನ್ನ ಮೇಜಿಗೆ ಬಂದಿತ್ತು. ಮೂಲದಲ್ಲಿದ್ದ ವಾಕ್ಯ ‘ದ್ರವ್ಯದ ಅಪೇಕ್ಷೆಯಿಂದ ಮಡಕೆ ಇದೆ’. ಹಣದ ಆಸೆಯಿಂದಾಗಿ ಮಡಕೆ ಇದೆ ಎಂಬ ಅರ್ಥ ಬರುವಂತೆ ಅನುವಾದಕರು ಅದನ್ನು ಇಂಗ್ಲಿಷಿಗೆ ತಂದಿದ್ದರು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ನಮ್ಮ ದಿನಬಳಕೆಯಲ್ಲಿ ದ್ರವ್ಯವೆಂದರೆ ಹಣ, ಅಪೇಕ್ಷೆಯೆಂದರೆ ಬಯಕೆ. ಜೈನಶಾಸ್ತ್ರದಲ್ಲಿ ದ್ರವ್ಯವೆಂದರೆ ವಸ್ತುವಿನ ಮೂಲ ಸತ್ವ. ‘ಅಪೇಕ್ಷೆಯಿಂದ’ ಎಂದರೆ ‘ಅದನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ’. ಇದೇ ಶಾಸ್ತ್ರದಲ್ಲಿ ‘ಪರ್ಯಾಯ’ ಎಂಬ ಪದಕ್ಕೆ ಬದಲಿ ಎಂಬ ಅರ್ಥವಿಲ್ಲ; ಅದು ದ್ರವ್ಯವು ತಳೆಯುವ ಅವಸ್ಥೆ. ಕನ್ನಡದ ಅನುವಾದಕನಿಗೆ ಇಂಥ ಪದಗಳು ಹುಟ್ಟಿನಿಂದಲೇ ಪರಿಚಿತ. ತೊಡಕು ಹುಟ್ಟುವುದೂ ಆ ಪರಿಚಯದಿಂದಲೇ. ಇಂಗ್ಲಿಷಿಗೆ ಒಯ್ಯುವ ಮೊದಲು ನಾವು ಅವನ್ನು ನಮ್ಮ ದಿನಬಳಕೆಯಿಂದ ಬಿಡಿಸಿಕೊಳ್ಳಬೇಕು.

ಆ ಮಡಕೆಯ ಉದಾಹರಣೆ ಹಳೆಯದು. 13ನೇ ಶತಮಾನದ ಮಲ್ಲಿಷೇಣನ ‘ಸ್ಯಾದ್ವಾದಮಂಜರಿ’ಯಲ್ಲಿ ಅದು ವಿವರವಾಗಿ ಬರುತ್ತದೆ. ಮಡಕೆಯು ದ್ರವ್ಯದಿಂದ ಮಣ್ಣಿನದಾಗಿ ಇದೆ, ನೀರಿನದಾಗಿ ಇಲ್ಲ. ಕ್ಷೇತ್ರದಿಂದ ಪಾಟಲಿಪುತ್ರದ್ದಾಗಿ ಇದೆ, ಕಾನ್ಯಕುಬ್ಜದ್ದಾಗಿ ಇಲ್ಲ. ಕಾಲದಿಂದ ಶಿಶಿರದ್ದಾಗಿ ಇದೆ, ವಸಂತದ್ದಾಗಿ ಇಲ್ಲ. ಭಾವದಿಂದ ಕಪ್ಪಾಗಿ ಇದೆ, ಕೆಂಪಾಗಿ ಇಲ್ಲ. ಒಂದೇ ಮಡಕೆಯ ಬಗ್ಗೆ ‘ಇದೆ’ ಮತ್ತು ‘ಇಲ್ಲ’ ಎರಡೂ ನಿಜ. ಯಾವ ನೆಲೆಯಲ್ಲಿ ನಿಂತು ಹೇಳುತ್ತಿದ್ದೇವೆ ಎಂಬುದನ್ನು ತಿಳಿಸಿದರೆ ಎರಡರ ನಡುವೆ ಜಗಳವಿಲ್ಲ. ಹಾಗೆ ನೆಲೆಯನ್ನು ಸೂಚಿಸಲು ವಾಕ್ಯದ ಮೊದಲಲ್ಲಿ ಬರುವ ಪದವೇ ‘ಸ್ಯಾತ್’. ಸ್ಯಾದ್ವಾದ ಎಂಬ ಹೆಸರು ಬಂದಿರುವುದು ಅದರಿಂದ.

ಇಂಗ್ಲಿಷ್ ಪುಸ್ತಕಗಳಲ್ಲಿ ಈ ‘ಸ್ಯಾತ್’ ಬಹಳ ಕಾಲದಿಂದ ‘ಮೇಬಿ’ ಅಥವಾ ‘ಪರ್ಹ್ಯಾಪ್ಸ್’ ಆಗಿದೆ. ಸಂಸ್ಕೃತ ವ್ಯಾಕರಣವನ್ನಷ್ಟೇ ನೋಡಿದವರಿಗೆ ಇದು ಸರಿಯೆಂದೇ ಕಾಣುತ್ತದೆ. ‘ಅಸ್’ ಧಾತುವಿನ ವಿಧಿರೂಪ ‘ಸ್ಯಾತ್’. ‘ಇದ್ದೀತು’ ಎಂದು ಅರ್ಥ. ಆದರೆ ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಇದು ಕ್ರಿಯಾಪದವಲ್ಲ, ನಿಪಾತ, ಎಂದರೆ ಅವ್ಯಯ, ಎಂದು ಸ್ಪಷ್ಟವಾಗಿಯೇ ಹೇಳಿದ್ದಾರೆ. ಅವರು ಸೂಚಿಸುವ ಸಮಾನಪದ ‘ಕಥಂಚಿತ್’, ಒಂದು ಬಗೆಯಲ್ಲಿ. ಸಂದೇಹಕ್ಕೆ ಅಲ್ಲಿ ಜಾಗವಿಲ್ಲ.

ಇದನ್ನು ಪರೀಕ್ಷಿಸಲು ಸುಲಭವಾದ ದಾರಿಯೊಂದಿದೆ. ಸ್ಯಾದ್ವಾದದ ಮೂಲ ವಾಕ್ಯ ‘ಸ್ಯಾತ್ ಅಸ್ತಿ ಏವ’. ಕೊನೆಯ ‘ಏವ’ವನ್ನು ಅನುವಾದಕರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಅದನ್ನು ಉಳಿಸಿಕೊಂಡು ‘ಪರ್ಹ್ಯಾಪ್ಸ್’ ಹಾಕಿ ನೋಡಿ: ‘ಬಹುಶಃ ಖಂಡಿತವಾಗಿ ಇದೆ’ ಎಂದಾಗುತ್ತದೆ. ವಾಕ್ಯ ತನ್ನನ್ನೇ ಕಡಿದುಕೊಳ್ಳುತ್ತದೆ. ನಮಗೆ ಕನ್ನಡದ ‘ಏ’ಕಾರವಿದೆ. ‘ಈ ಬಗೆಯಲ್ಲಿ ನೋಡಿದರೆ ಇದ್ದೇ ಇದೆ’ ಎಂದರೆ ‘ಸ್ಯಾತ್’ ಮತ್ತು ‘ಏವ’ ಎರಡಕ್ಕೂ ಅವುಗಳ ಜಾಗ ಸಿಗುತ್ತದೆ. ನಾನು ಮೊದಲು ಹೀಗೆ ಕನ್ನಡದಲ್ಲಿ ಬಿಡಿಸಿ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ಹೋಗುತ್ತೇನೆ. ಅಲ್ಲಿ ‘ಇನ್ ಎ ಸರ್ಟನ್ ರೆಸ್ಪೆಕ್ಟ್’ ಎಂದು ಹಾಕಿ, ‘ಏವ’ಕ್ಕೆ ‘ಡೆಫಿನೆಟ್ಲಿ’ ಎಂಬುದನ್ನು ತಪ್ಪದೆ ಸೇರಿಸುತ್ತೇನೆ. ಓದಲು ಸ್ವಲ್ಪ ಭಾರವೆನಿಸಬಹುದು. ಆ ಭಾರ ಮೂಲದಲ್ಲೂ ಇದೆ.

‘ಸ್ಯಾತ್’ ಕೆಟ್ಟರೆ ಅನೇಕಾಂತವೂ ಕೆಡುತ್ತದೆ. ಭಾಷಣಗಳಲ್ಲಿ ಅನೇಕಾಂತವೆಂದರೆ ‘ಎಲ್ಲರ ಅಭಿಪ್ರಾಯವೂ ಸರಿ’ ಎಂದಾಗಿಬಿಟ್ಟಿದೆ, ಇಂಗ್ಲಿಷಿನಲ್ಲಿ ಅದು ‘ಟಾಲರೆನ್ಸ್’ ಅಥವಾ ‘ರಿಲೇಟಿವಿಸಂ’ ಎಂದು ಅಚ್ಚಾಗುತ್ತದೆ. ‘ಅಂತ’ ಎಂದರೆ ಇಲ್ಲಿ ವಸ್ತುವಿನ ಧರ್ಮ, ಅದರ ಒಂದು ಮಗ್ಗುಲು. ಅನೇಕಾಂತ ಮೊದಲು ಹೇಳುವುದು ವಸ್ತುವಿನ ಬಗ್ಗೆ: ಮಡಕೆಗೇ ಹಲವು ಮಗ್ಗುಲುಗಳಿವೆ. ಹಾಗಿರುವ ವಸ್ತುವನ್ನು ಕುರಿತು ತಪ್ಪಿಲ್ಲದೆ ಮಾತನಾಡುವ ಕ್ರಮ ಸ್ಯಾದ್ವಾದ. ಮಡಕೆ ನೀರಿನಿಂದ ಮಾಡಿದ್ದು ಎಂದು ಯಾರಾದರೂ ವಾದಿಸಿದರೆ ಅನೇಕಾಂತಿ ಅದನ್ನು ಒಪ್ಪುವುದಿಲ್ಲ. ‘ಮೆನಿ-ಸೈಡೆಡ್‌ನೆಸ್’ ಎಂಬ ಪದ ಸೊಗಸಾಗಿಲ್ಲ, ಆದರೆ ಅದು ಸುಳ್ಳು ಹೇಳುವುದಿಲ್ಲ. ಅದನ್ನೇ ನಾನು ಆರಿಸಿಕೊಳ್ಳುತ್ತೇನೆ.

ಅಹಿಂಸೆಗೆ ‘ನಾನ್‌ವಯಲೆನ್ಸ್’ ಎಂಬ ಪದ ಗಾಂಧೀಜಿಯವರ ಹೋರಾಟದ ಜೊತೆ ಜಗತ್ತಿನಲ್ಲೆಲ್ಲ ಹರಡಿತು. ಆ ಸಂದರ್ಭಕ್ಕೆ ಅದು ಒಪ್ಪುತ್ತದೆ. ತತ್ತ್ವಾರ್ಥಸೂತ್ರದ ಹಿಂಸೆಯ ಲಕ್ಷಣಕ್ಕೆ ಅದನ್ನು ತೊಡಿಸಲು ಹೋದರೆ ಸಾಲುವುದಿಲ್ಲ. ‘ಪ್ರಮತ್ತಯೋಗಾತ್ ಪ್ರಾಣವ್ಯಪರೋಪಣಂ ಹಿಂಸಾ’ ಎಂಬ ಸೂತ್ರದಲ್ಲಿ ತೂಕವಿರುವುದು ಮೊದಲ ಪದಕ್ಕೆ. ಯೋಗವೆಂದರೆ ಇಲ್ಲಿ ಮನಸ್ಸು, ಮಾತು, ಮೈಗಳ ಚಟುವಟಿಕೆ. ಅದು ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಕೂಡಿದಾಗ ಪ್ರಾಣಕ್ಕೆ ಆಗುವ ಹಾನಿ ಹಿಂಸೆ. ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಜೀವಿ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆದುಕೊಳ್ಳುವವನಿಗೆ ಹಿಂಸೆ ನಿಶ್ಚಿತ. ಎಚ್ಚರದಿಂದ ನಡೆಯುವವನಿಗೆ ಬರಿಯ ಹಾನಿಯಿಂದ ಕರ್ಮಬಂಧವಿಲ್ಲ. ಯಾರಿಗೂ ಏಟು ಬೀಳದ ಕಡೆಯೂ ಹಿಂಸೆ ನಡೆದಿರಬಹುದು ಎಂಬ ಈ ಮಾತಿಗೆ ‘ವಯಲೆನ್ಸ್’ ಎಂದು ಬರೆದರೆ ಇಂಗ್ಲಿಷ್ ಓದುಗ ಕಕ್ಕಾಬಿಕ್ಕಿಯಾಗುತ್ತಾನೆ. ಅಹಿಂಸಾ ಎಂಬ ಪದ ಇಂಗ್ಲಿಷ್ ನಿಘಂಟುಗಳಲ್ಲಿದೆ. ಅದನ್ನು ಹಾಗೆಯೇ ಉಳಿಸಿ, ‘ಪ್ರಮತ್ತ’ಕ್ಕೆ ಒಳ್ಳೆಯ ಪದ ಹುಡುಕುವುದರ ಮೇಲೆ ಶ್ರಮ ಹಾಕುವುದು ಮೇಲು.

ನಿರ್ವಾಣದ ಕಷ್ಟ ಬೇರೆ. ಒಂದೇ ಪದ ಎರಡು ಮನೆಗಳಲ್ಲಿ ಬಾಳಿದೆ. ಬೌದ್ಧರ ಮಜ್ಝಿಮನಿಕಾಯದಲ್ಲಿ ವಚ್ಛಗೋತ್ತನೊಡನೆ ಬುದ್ಧನ ಸಂವಾದವಿದೆ. ನಿನ್ನ ಮುಂದೆ ಉರಿಯುತ್ತಿದ್ದ ಬೆಂಕಿ ನಂದಿದರೆ ಅದು ಯಾವ ದಿಕ್ಕಿಗೆ ಹೋಯಿತು ಎಂದು ಬುದ್ಧ ಕೇಳುತ್ತಾನೆ. ಆ ಪ್ರಶ್ನೆಯೇ ಹೊಂದುವುದಿಲ್ಲ, ಹುಲ್ಲು ಕಟ್ಟಿಗೆಗಳು ಮುಗಿದವು, ಬೆಂಕಿ ನಂದಿತು ಎಂದು ವಚ್ಛ ಉತ್ತರಿಸುತ್ತಾನೆ. ಅಲ್ಲಿ ಉರುವಲಿಗೆ ಇರುವ ಪದ ‘ಉಪಾದಾನ’. ಅಂಟಿಕೊಳ್ಳುವಿಕೆಗೂ ಅದೇ ಪದ. ‘ಎಕ್ಸ್‌ಟಿಂಕ್ಷನ್’ ಎಂದು ಬರೆದರೆ ಯಾರೋ ಇಲ್ಲವಾಗಿಹೋದರು ಎಂದು ಓದುಗ ತಿಳಿಯುತ್ತಾನೆ. ಅಳಿದುಹೋಗುವುದೇ ಕೊನೆ ಎನ್ನುವ ಉಚ್ಛೇದವಾದವನ್ನು ಬುದ್ಧ ತಳ್ಳಿಹಾಕಿದ್ದನು. ನಮ್ಮ ‘ನಂದುವಿಕೆ’ ಎಷ್ಟು ಹದವಾಗಿದೆ! ಇಂಗ್ಲಿಷಿನಲ್ಲಿ ದೀಪಕ್ಕೆ ಬಳಸುವ ‘ಗೋಯಿಂಗ್ ಔಟ್’ ಅದಕ್ಕೆ ಹತ್ತಿರ.

ಜೈನರ ನಿರ್ವಾಣಕ್ಕೆ ಈ ಚಿತ್ರ ಒಗ್ಗುವುದಿಲ್ಲ. ಅಲ್ಲಿ ಜೀವವು ಕರ್ಮವೆಲ್ಲ ಕಳಚಿ, ಅನಂತಜ್ಞಾನದೊಡನೆ ಲೋಕದ ತುದಿಯಲ್ಲಿ ನೆಲೆಸುತ್ತದೆ. ದಿಕ್ಕು ಯಾವುದೆಂದು ಕೇಳಿದರೆ ಜೈನರಲ್ಲಿ ಉತ್ತರವಿದೆ: ಮೇಲಕ್ಕೆ. ಅದಕ್ಕೆ ‘ಲಿಬರೇಷನ್’ ಸಾಕು. ಶ್ವೇತಾಂಬರರ ಕಲ್ಪಸೂತ್ರದಲ್ಲಿ ಮಹಾವೀರನ ನಿರ್ವಾಣದ ರಾತ್ರಿ ಅರಸರು ದೀಪ ಹಚ್ಚುತ್ತಾರೆ. ‘ಭಾವದ ಬೆಳಕು ಹೋಯಿತು, ದ್ರವ್ಯದ ಬೆಳಕು ಮಾಡೋಣ’ ಎನ್ನುತ್ತಾರೆ. ಮಡಕೆಯ ವಾಕ್ಯದಲ್ಲಿದ್ದ ಅದೇ ದ್ರವ್ಯ, ಅದೇ ಭಾವ. ಅಲ್ಲಿ ದ್ರವ್ಯಕ್ಕೆ ‘ಸಬ್‌ಸ್ಟನ್ಸ್’ ಎಂದು ತಿದ್ದಿದ್ದ ನಾನು ಇಲ್ಲಿ ‘ಮೆಟೀರಿಯಲ್’ ಎಂದು ಬರೆದು, ಎಣ್ಣೆ ಬತ್ತಿಗಳ ಬೆಳಕು ಎಂದು ಅಂಚಿನಲ್ಲಿ ಗುರುತು ಹಾಕಿದೆ.