ಖಾತೆಗೆ ಬಿದ್ದ ಬಡ್ಡಿ: ಬ್ಯಾಂಕಲ್ಲೇ ಬಿಡೋದಾ, ತೆಗೆಯೋದಾ?

ಪ್ರಶ್ನೆ: ನಾನು ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಊರು ಶಹಾಪುರ. ಉಳಿತಾಯ ಖಾತೆಯಲ್ಲಿ ಸುಮಾರು 4 ಲಕ್ಷ ರೂಪಾಯಿ ಇದೆ. ಅದಕ್ಕೆ ವರ್ಷಕ್ಕೆ 10 ಸಾವಿರದಷ್ಟು ಬಡ್ಡಿ ಬೀಳುತ್ತೆ. ಅದನ್ನು ಮುಟ್ಟಬಾರದು ಅಂತ ಮೂರು ವರ್ಷದಿಂದ ಖಾತೆಯಲ್ಲೇ ಬಿಟ್ಟಿದ್ದೇನೆ. ರಂಜಾನ್‌ನಲ್ಲಿ ಜಕಾತ್ ಲೆಕ್ಕ ಹಾಕಿದರೆ ಅದೂ 10 ಸಾವಿರವೇ ಆಗುತ್ತೆ. ಆ ಸೂದಿನ ದುಡ್ಡನ್ನೇ ಜಕಾತ್‌ಗೆ ಕೊಟ್ಟುಬಿಟ್ಟರೆ ಆಗಲ್ವಾ?

ಉತ್ತರ: ಇಲ್ಲ ಚಾಚಾ, ಆಗೋದಿಲ್ಲ. ಬಡ್ಡಿಯನ್ನು ಖಾತೆಯಲ್ಲೇ ಬಿಡೋದೂ ಸರಿಯಾದ ದಾರಿ ಅಲ್ಲ. ನಿಮ್ಮ ಮನಸ್ಸು ಒಳ್ಳೆಯದೇ, ಎಡವಿರೋದು ಲೆಕ್ಕದಲ್ಲಿ. ಕಲಬುರಗಿಯಲ್ಲಿ ನನ್ನ ಅಕ್ಕಪಕ್ಕದವರಲ್ಲೂ ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಆ ದುಡ್ಡಿನಲ್ಲಿ ನಿಮ್ಮದು ಯಾವುದು ಅಂತ ನೋಡೋಣ. ಕುರ್‌ಆನ್‌ನ ಎರಡನೇ ಅಧ್ಯಾಯದಲ್ಲಿ, 275ನೇ ವಚನದಿಂದ, ಬಡ್ಡಿಯ ಮಾತು ಬರುತ್ತದೆ. ವ್ಯಾಪಾರ ಹಲಾಲ್, ರಿಬಾ ಹರಾಮ್ ಎಂದು ಅಲ್ಲಿದೆ. 279ನೇ ವಚನದಲ್ಲಿ, ತೌಬಾ ಮಾಡಿದರೆ ನಿಮ್ಮ ಅಸಲು ನಿಮ್ಮದೇ ಎಂದೂ ಇದೆ. ಅಂದರೆ ನಿಮ್ಮ 4 ಲಕ್ಷಕ್ಕೆ ಯಾವ ದೋಷವೂ ಇಲ್ಲ. ಅದರ ಮೇಲೆ ಬಿದ್ದ 10 ಸಾವಿರ ಮಾತ್ರ ನಿಮ್ಮದಲ್ಲ.

ಬ್ಯಾಂಕಿನವರು ನಮ್ಮ ದುಡ್ಡನ್ನು ವ್ಯಾಪಾರಕ್ಕೆ ಹಾಕಿ ಲಾಭ ಕೊಡುತ್ತಾರಲ್ಲ, ಅದೂ ಬಡ್ಡಿಯಾ ಎಂದು ಕೆಲವರು ಕೇಳುತ್ತಾರೆ. ಈಜಿಪ್ಟಿನ ದೊಡ್ಡ ವಿದ್ವಾಂಸರಾಗಿದ್ದ ಶೇಖ್ ತಂತಾವಿ ಮುಫ್ತಿಯಾಗಿದ್ದಾಗ, 1989ರಲ್ಲಿ, ಕೆಲವು ಹೂಡಿಕೆ ಪತ್ರಗಳ ಆದಾಯ ತಪ್ಪಲ್ಲ ಎಂದು ಹೇಳಿದ್ದರು. ಆದರೆ ಹೆಚ್ಚಿನ ಉಲೇಮಾಗಳು ಒಪ್ಪಲಿಲ್ಲ. ಜಿದ್ದಾದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1985ರಲ್ಲೇ ಬ್ಯಾಂಕ್ ಬಡ್ಡಿ ರಿಬಾವೇ ಎಂದು ತೀರ್ಮಾನಿಸಿತ್ತು. ಅವರ ವಾದ ಸರಳ. ಪಾಲುದಾರಿಕೆ ಅಂದರೆ ನಷ್ಟದಲ್ಲೂ ಪಾಲು ಇರಬೇಕು. ಬ್ಯಾಂಕ್ ನಿಮ್ಮ ಅಸಲಿಗೂ ಖಾತ್ರಿ ಕೊಡುತ್ತದೆ, ಮೇಲಿನ ದರವನ್ನೂ ಮೊದಲೇ ಹೇಳುತ್ತದೆ. ಹಾಗಾದರೆ ನೀವು ಬ್ಯಾಂಕಿಗೆ ಸಾಲ ಕೊಟ್ಟ ಹಾಗಾಯಿತು, ಸಾಲದ ಮೇಲೆ ಬಂದ ಜಾಸ್ತಿ ದುಡ್ಡು ಬಡ್ಡಿ ಆಯಿತು. ನನಗೂ ಈ ವಾದವೇ ಗಟ್ಟಿ ಅನ್ನಿಸುತ್ತದೆ.

ಈಗ ಖಾತೆಯಲ್ಲೇ ಬಿಡುವ ವಿಚಾರ. ಬಿಟ್ಟರೆ ಆ ದುಡ್ಡು ಬ್ಯಾಂಕಿಗೆ ವಾಪಸ್ ಹೋಗುವುದಿಲ್ಲ, ನಿಮ್ಮ ಹೆಸರಲ್ಲೇ ಇರುತ್ತದೆ. ಶೇ. 2.5ರ ದರದಲ್ಲಿ 4 ಲಕ್ಷಕ್ಕೆ ಮೂರು ತಿಂಗಳಿಗೆ 2,500 ರೂಪಾಯಿ ಬೀಳುತ್ತದೆ. ಅದನ್ನು ತೆಗೆಯದಿದ್ದರೆ ಮುಂದಿನ ಮೂರು ತಿಂಗಳಿಗೆ 4,02,500ರ ಮೇಲೆ ಬಡ್ಡಿ ಹತ್ತುತ್ತದೆ. ವರ್ಷದ ಕೊನೆಗೆ ಹತ್ತು ಸಾವಿರದ ಜಾಗದಲ್ಲಿ 10,094 ಆಗಿರುತ್ತದೆ. 94 ರೂಪಾಯಿ ಏನು ದೊಡ್ಡದಲ್ಲ. ಆದರೆ ಅದು ಬಡ್ಡಿಯ ಮೇಲಿನ ಬಡ್ಡಿ, ಅಲ್ವಾ? ದೂರ ಇರಬೇಕು ಅಂದುಕೊಂಡದ್ದೇ ಕೂತಲ್ಲಿ ಬೆಳೀತಾ ಇದೆ. ಇನ್ನು ಮುಂದೆ ಯಾವತ್ತೋ ನಿಮ್ಮ ಮಕ್ಕಳು ಖಾತೆ ಮುಚ್ಚಿ ದುಡ್ಡು ತೆಗೆಯುವಾಗ ಅಸಲು ಯಾವುದು, ಸೂದ್ ಯಾವುದು ಅಂತ ಅವರಿಗೆ ಗೊತ್ತೇ ಇರೋದಿಲ್ಲ.

ಹಾಗಾಗಿ ನಮ್ಮ ದೇಶದ ಹೆಚ್ಚಿನ ಮುಫ್ತಿಗಳ ಮಾತು ಇದು: ಬಡ್ಡಿಯನ್ನು ಬ್ಯಾಂಕಲ್ಲಿ ಬಿಡಬೇಡಿ. ತೆಗೆಯಿರಿ, ಸವಾಬಿನ ನಿಯತ್ ಇಟ್ಟುಕೊಳ್ಳದೆ ಬಡವರಿಗೆ ಕೊಟ್ಟುಬಿಡಿ. ಸವಾಬು ಯಾಕಿಲ್ಲ ಅಂದರೆ, ದಾನ ಅಂದರೆ ನಮ್ಮದನ್ನು ಕೊಡೋದು. ಇದು ನಮ್ಮದೇ ಅಲ್ಲವಲ್ಲ. ಮೈಮೇಲಿಂದ ಇಳಿಸಿಕೊಳ್ಳುವ ಭಾರ ಅಷ್ಟೇ.

ನಿಮ್ಮ ಜಕಾತ್ ಲೆಕ್ಕ ತಪ್ಪೋದೂ ಇದೇ ಕಾರಣಕ್ಕೆ. ಜಕಾತ್ ಶೇ. 2.5, ಬಡ್ಡಿಯೂ ಶೇ. 2.5. ಎರಡೂ ಕೂಡಿ ಬಂದದ್ದು ಸುಮ್ನೆ ಒಂದು ಆಕಸ್ಮಿಕ. ಜಕಾತ್ ನಿಮ್ಮ ಹಲಾಲ್ ದುಡ್ಡಿನಿಂದ ಹೋಗಬೇಕು. 4 ಲಕ್ಷದಿಂದ 10 ಸಾವಿರ ತೆಗೆದರೆ 3,90,000 ಉಳಿಯಬೇಕು. ನೀವು ಬಡ್ಡಿಯಿಂದ ಕೊಟ್ಟರೆ ಖಾತೆಯಲ್ಲಿ ಮತ್ತೆ 4 ಲಕ್ಷವೇ ಉಳಿಯುತ್ತದೆ. ಅಂದರೆ ನಿಮ್ಮ ಜೇಬಿನಿಂದ ಒಂದು ರೂಪಾಯಿಯೂ ಹೋಗಲಿಲ್ಲ, ಸೂದಿನಿಂದ ನಿಮಗೇ 10 ಸಾವಿರದ ಲಾಭ ಆಯಿತು. ಆದ್ದರಿಂದ ಎರಡು ಹತ್ತು ಸಾವಿರ ಬೇರೆ ಬೇರೆಯಾಗಿ ಹೋಗಬೇಕು. ಬಡ್ಡಿಯ ಮೊತ್ತಕ್ಕೆ ಜಕಾತ್ ಹಾಕುವ ಅಗತ್ಯ ಇಲ್ಲ, ಅದು ಪೂರ್ತಿ ಹೋಗುವಂಥದ್ದೇ.

ನಮ್ಮ ಮನೆಯಲ್ಲಿ ಅಮ್ಮಿ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರೋರು. Interest ಅಂತ ಅಚ್ಚಾದ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡೋರು. ಅಷ್ಟೇ ದುಡ್ಡು ತೆಗೆದು, ಹಳೇ ಮದುವೆ ಲಕೋಟೆಯೊಂದರಲ್ಲಿ ಹಾಕಿ, ಅಲ್ಮಾರಿಯಲ್ಲಿ ಬಟ್ಟೆಗಳ ಕೆಳಗೆ ಬೇರೆಯೇ ಇಡೋರು. ಕಿರಾಣಿಗೆ ಚಿಲ್ಲರೆ ಸಾಲದಿದ್ದರೂ ಆ ಲಕೋಟೆಗೆ ಕೈ ಹಾಕ್ತಿರಲಿಲ್ಲ. ಚುಕ್ಕೆ ಬಿದ್ದ ಸಾಲಿನ ದುಡ್ಡು ಕೊಟ್ಟಾದ ಮೇಲೆ ಆ ಚುಕ್ಕೆಯನ್ನು ಗೀರಿನಿಂದ ಹೊಡೆಯೋರು. ಇದಕ್ಕಿಂತ ಸುಲಭದ ಲೆಕ್ಕ ನಾನು ಕಂಡಿಲ್ಲ.

ಯಾರಿಗೆ ಕೊಡಬೇಕು? ನಿಜವಾಗಿ ಬಡವರಾದವರಿಗೆ. ಬಡ ತಮ್ಮನಿಗೋ ತಂಗಿಗೋ ಕೊಡಬಹುದು. ಹೆಂಡತಿ, ಮಕ್ಕಳಿಗೆ ಕೊಟ್ಟರೆ ಮನೆಯಲ್ಲೇ ಉಳಿದಂತೆ. ಜಕಾತ್ ಮುಸ್ಲಿಂ ಬಡವರಿಗೆ ಹೋಗುತ್ತದೆ, ಈ ದುಡ್ಡನ್ನು ಪಕ್ಕದ ಮನೆಯ ಹಿಂದೂ ಕೂಲಿಯವರ ಆಸ್ಪತ್ರೆ ಖರ್ಚಿಗೂ ಕೊಡಬಹುದು ಎಂದು ಅನೇಕ ಮುಫ್ತಿಗಳು ಹೇಳುತ್ತಾರೆ. ತಗೊಂಡವರಿಗೆ ಅದು ಹಲಾಲ್. ಇದು ಸೂದಿನ ದುಡ್ಡು ಅಂತ ಹೇಳಿ ಅವರನ್ನು ನೋಯಿಸಬೇಡಿ. ಮಸೀದಿಗೆ ಮಾತ್ರ ಹಾಕಬೇಡಿ. ಸಾರ್ವಜನಿಕ ಶೌಚಾಲಯಕ್ಕೆ ಹಾಕಬಹುದು ಎನ್ನುವ ಉಲೇಮಾಗಳಿದ್ದಾರೆ. ಬಡವನ ಕೈಗೇ ಕೊಟ್ಟು ಅವನನ್ನು ಒಡೆಯನನ್ನಾಗಿ ಮಾಡಬೇಕು ಎನ್ನುವವರೂ ಇದ್ದಾರೆ. ಕೈಗೆ ಕೊಟ್ಟರೆ ಇಬ್ಬರ ಮಾತೂ ಉಳಿಯುತ್ತದೆ.

ಖಾತೆಯನ್ನೇ ಇಡಬಾರದಾ ಅಂದರೆ, ಪಿಂಚಣಿ ಬರೋದೇ ಅದರಲ್ಲಿ. ದುಡ್ಡು ಮನೆಯಲ್ಲಿಟ್ಟರೆ ಕಳ್ಳರ ಭಯ. ಭದ್ರತೆಗಾಗಿ ಇಡುವ ಉಳಿತಾಯ ಖಾತೆಗೆ ಉಲೇಮಾಗಳು ಅವಕಾಶ ಕೊಟ್ಟಿದ್ದಾರೆ. ಎಫ್‌ಡಿ ಹಾಗಲ್ಲ. ಅದನ್ನು ಮಾಡಿಸೋದೇ ಬಡ್ಡಿಗಾಗಿ. ಕರೆಂಟ್ ಅಕೌಂಟ್‌ಗೆ ನಮ್ಮಲ್ಲಿ ಬಡ್ಡಿ ಕೊಡುವುದಿಲ್ಲ. ಆದರೆ ಅದರಲ್ಲಿ ಕನಿಷ್ಠ ಬ್ಯಾಲೆನ್ಸ್ ಜಾಸ್ತಿ ಇಡಬೇಕಾಗುತ್ತದೆ, ಪಿಂಚಣಿದಾರರಿಗೆ ಹೊಂದುವುದಿಲ್ಲ. ಬಡ್ಡಿ ಇಲ್ಲದ ಬ್ಯಾಂಕಿಂಗ್ ನಮ್ಮ ದೇಶಕ್ಕೂ ಬರಲಿ ಎಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ವಿಚಾರ ಕೈಬಿಟ್ಟಿತು.

ಸಾಲದ ವಿಷಯ ಇದಕ್ಕಿಂತ ಕಠಿಣ. ಬಡ್ಡಿ ತಿನ್ನುವವನಷ್ಟೇ ಕೊಡುವವನೂ, ಬರೆಯುವವನೂ, ಸಾಕ್ಷಿಗಳೂ ಹೊಣೆ ಎಂದು ಹದೀಸ್ ಇದೆ. ಇಲ್ಲಿ ಬಡ್ಡಿಯನ್ನು ನಾವೇ ಒಪ್ಪಿ ಕೊಡುತ್ತೇವೆ, ಆಮೇಲೆ ಬೇರೆ ತೆಗೆದಿಡಲು ಏನೂ ಉಳಿಯುವುದಿಲ್ಲ. ಹಾಗಾಗಿ ಆಪರೇಷನ್‌ನಂಥ, ಬೇರೆ ದಾರಿಯೇ ಇಲ್ಲದ ಸಂದರ್ಭಕ್ಕೆ ಮಾತ್ರ ಉಲೇಮಾಗಳು ಸಡಿಲಿಕೆ ಕೊಡುತ್ತಾರೆ. ಕಾರಿಗೋ ಮದುವೆಯ ಅಬ್ಬರಕ್ಕೋ ಅಲ್ಲ.

ನೀವು ಈ ವಾರ ಮಾಡಬೇಕಾದ ಕೆಲಸ ಇಷ್ಟು. ಮೂರು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ವರ್ಷಕ್ಕೆ ನಾಲ್ಕರಂತೆ ಹನ್ನೆರಡು ಕಡೆ ಬಡ್ಡಿ ಬಿದ್ದಿರುತ್ತದೆ. ಅದನ್ನೆಲ್ಲ ಕೂಡಿಸಿ ಬೇರೆ ತೆಗೆಯಿರಿ. ಹಿಂದಿನ ರಂಜಾನ್‌ಗಳಲ್ಲಿ ಜಕಾತ್ ಬಾಕಿ ಉಳಿದಿದ್ದರೆ, ಅದನ್ನು ಅಸಲಿನಿಂದ ಕೊಡಿ. ಒಂದೇ ಸಲ ಆಗದಿದ್ದರೆ, ಬಾಕಿ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಪಾಸ್‌ಬುಕ್ ಒಳಗಿಟ್ಟು, ಮಕ್ಕಳಿಗೂ ಹೇಳಿಡಿ.