ಎರಡೇ ವೈರ್ ಇದ್ದರೆ ಅದು ಸ್ಟೆಪ್ಪರ್ ಅಲ್ಲ

ಪ್ರಶ್ನೆ: ಗುಜರಿಯಿಂದ ತಂದ ಇಂಕ್‌ಜೆಟ್ ಪ್ರಿಂಟರ್ ಬಿಚ್ಚಿದ್ದೇನೆ. ಅದರ ಸ್ಟೆಪ್ಪರ್ ಮೋಟರ್‌ಗೆ ಎರಡೇ ವೈರ್ ಇವೆ. ಡ್ರೈವರ್‌ಗೆ ಹೇಗೆ ಜೋಡಿಸಲಿ?

ಸ್ಟೆಪ್ಪರ್ ಡ್ರೈವರ್‌ಗೆ ಜೋಡಿಸಲೇಬೇಡಿ. ಅದು ಮಾಮೂಲಿ ಡಿಸಿ ಮೋಟರ್, ಒಂದೊಂದೇ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಅಲ್ಲ. ಇದನ್ನೇ ಎಷ್ಟು ಸಲ ಹೇಳಿದರೂ ಮರುವಾರ ಇನ್ನೊಬ್ಬರು ಅದೇ ಎರಡು ವೈರಿನ ಫೋಟೋ ಹಿಡಿದು ಬರುತ್ತಾರೆ.

"ಸ್ಟೆಪ್ಪರ್ ಇಲ್ಲದೆ ಅಕ್ಷರ ಅಷ್ಟು ಕರಾರುವಾಕ್ಕಾಗಿ ಬೀಳೋದು ಹೇಗೆ ಸಾರ್?" ಎಂಬುದು ಎಲ್ಲರ ವಾದ. ಉತ್ತರ ನೀವು ಕಿತ್ತು ಬಿಸಾಡಿದ ಕಸದಲ್ಲೇ ಇದೆ. ಇಂಕ್ ಡಬ್ಬಿ ಓಡಾಡುವ ದಾರಿಯುದ್ದಕ್ಕೂ ಒಂದು ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಬಿಗಿದಿರುತ್ತದೆ. ಬೆಳಕಿಗೆ ಹಿಡಿದರೆ ಬೂದು ಬಣ್ಣ ಕಾಣುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಗೆರೆಗಳು. ಡಬ್ಬಿಯ ಹಿಂದಿರುವ ಸೆನ್ಸರ್ ಈ ಗೆರೆಗಳನ್ನು ಎಣಿಸುತ್ತಾ ಹೋಗುತ್ತದೆ. ಮೋಟರ್‌ಗೆ ತಾನೆಲ್ಲಿದ್ದೇನೆಂದು ಗೊತ್ತಿಲ್ಲ, ಪಟ್ಟಿಗೆ ಗೊತ್ತು. ಇಂಚಿಗೆ 150 ಗೆರೆಗಳಿರುವ ಪಟ್ಟಿ ಎಂದಿಟ್ಟುಕೊಳ್ಳಿ. ಸೆನ್ಸರ್‌ನ ಎರಡು ಸಿಗ್ನಲ್‌ಗಳ ಏರಿಳಿತ ಸೇರಿ ಗೆರೆಗೆ 4 ಎಣಿಕೆ ಸಿಗುತ್ತದೆ, ಅಂದರೆ ಇಂಚಿಗೆ 600. ಒಂದು ಎಣಿಕೆಗೆ ಸುಮಾರು 0.04 ಮಿ.ಮೀ. ಸ್ಟೆಪ್ಪರ್ ಹೆಜ್ಜೆ ತಪ್ಪಿದರೆ ಅದಕ್ಕೇ ತಿಳಿಯುವುದಿಲ್ಲ. ಇಲ್ಲಿ ಕೈಯಿಂದ ತಳ್ಳಿದರೂ ಲೆಕ್ಕ ತಪ್ಪುವುದಿಲ್ಲ. ಹಾಗಾಗಿ ಪಟ್ಟಿ, ಸೆನ್ಸರ್, ಮೋಟರ್ ಮೂರನ್ನೂ ಒಟ್ಟಿಗೆ ಉಳಿಸಿ, ಡಿಸಿ ಮೋಟರನ್ನು ಎರಡೂ ದಿಕ್ಕಿಗೆ ತಿರುಗಿಸುವ ಎಚ್-ಬ್ರಿಡ್ಜ್ ಡ್ರೈವರ್ ಹಾಕಿ. ಆದರೆ ಪಟ್ಟಿಗೆ ಗ್ರೀಸ್ ತಗುಲಿದರೆ ಎಣಿಕೆ ಕೆಡುತ್ತದೆ.

ಸ್ಟೆಪ್ಪರೇ ಬೇಕೆಂದರೆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅಥವಾ ಪ್ರತ್ಯೇಕ ಫ್ಲಾಟ್‌ಬೆಡ್ ಸ್ಕ್ಯಾನರ್ ಹುಡುಕಿ. ಆಲ್-ಇನ್-ಒನ್‌ಗಳ ಸ್ಕ್ಯಾನರ್ ಭಾಗದಲ್ಲೂ ಡಿಸಿ ಮೋಟರ್ ಇರಬಹುದು, ಮೊದಲು ವೈರ್ ಎಣಿಸಿ. ನಾಲ್ಕಿದ್ದರೆ ಮಲ್ಟಿಮೀಟರ್ ಹಿಡಿದು ರೆಸಿಸ್ಟೆನ್ಸ್ ತೋರಿಸುವ ಜೋಡಿ ಹುಡುಕಿ, ಅದೇ ಒಂದು ಕಾಯಿಲ್. ಆ ಎರಡು ತುದಿಗಳನ್ನು ಸೇರಿಸಿ ಶಾಫ್ಟ್ ತಿರುಗಿಸಿದರೆ ಕಟಕಟನೆ ಬಿಗಿಯಾಗಬೇಕು. ಡಿಸಿ ಮೋಟರ್‌ನ ವೈರ್ ಸೇರಿಸಿದರೂ ಸ್ವಲ್ಪ ಬಿಗಿಯಾಗುತ್ತದೆ, ಅದಕ್ಕೇ ಎಣಿಕೆ ಮೊದಲು ಎಂದದ್ದು.

ಯಾರೂ ಕೇಳದಿದ್ದರೂ ರೈಲ್ ಬಗ್ಗೆ ಒಂದು ಮಾತು. ಸ್ಕ್ಯಾನರ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸರಳು. ಇನ್ನೊಂದು ಬದಿ ಪ್ಲಾಸ್ಟಿಕ್ ಮೇಲೆ ಸುಮ್ಮನೆ ಜಾರುತ್ತದೆ. ಅದರಿಂದ ನೀವು ಕಟ್ಟುವ ಯಂತ್ರ ಪೆನ್ನು ಹಿಡಿದು ಗೆರೆ ಎಳೆಯಲು ಸಾಕು, ಮರ ಕೊರೆಯುವ ಸ್ಪಿಂಡಲ್‌ಗೆ ಸಾಲದು. 8 ಮಿ.ಮೀ. ಬೇರಿಂಗ್ ಕೊಳ್ಳುವ ಮುಂಚೆ ಸರಳನ್ನು ವರ್ನಿಯರ್‌ನಲ್ಲಿ ಅಳೆಯಿರಿ. 7.9 ಬಂದರೆ ಬೇರಿಂಗ್ ಲೊಡಲೊಡ ಅನ್ನುತ್ತದೆ. ಅದರ ಬದಲು ಸರಳಿನ ಜೊತೆಗೇ ಬಂದ ಹಳೆಯ ಬುಷ್ ಬಳಸಿ, ಅದು ಅದೇ ಅಳತೆಗೆ ಮಾಡಿದ್ದು.