ಕುಂಬಾದ ಪಕಾಸಿಗೆ ಹೊಸ ತುದಿ: ಜೋಡು ಎಲ್ಲಿ ಬರಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಹಂಚಿನ ಮನೆ. ಸೂರಿನ ಕಡೆ ನಾಲ್ಕು ಪಕಾಸಿಗಳ ತುದಿ ಮಳೆನೀರು ಕುಡಿದು ಕುಂಬಾಗಿದೆ. ಒಳಗಿನ ಮರ ಗಟ್ಟಿಯಾಗಿಯೇ ಇದೆ. ಪೂರ್ತಿ ಪಕಾಸಿ ಬದಲಿಸದೆ, ಹಾಳಾದಷ್ಟು ಕತ್ತರಿಸಿ ಹೊಸ ತುಂಡನ್ನು ಬೋಲ್ಟ್ ಹಾಕಿ ಜೋಡಿಸಬಹುದೇ? ಗೋಡೆಯ ಮೇಲೆ ಆಧಾರ ಇರುವುದರಿಂದ ಜೋಡನ್ನು ಅಲ್ಲೇ ತರೋಣ ಎಂದುಕೊಂಡಿದ್ದೇವೆ, ಸರಿಯೇ?

ಉತ್ತರ: ಜೋಡಿಸಬಹುದು. ಗೋಡೆಯ ಮೇಲೆ ಮಾತ್ರ ಬೇಡ. ಕೆಳಗೆ ಆಧಾರ ಇದೆ ಎಂದು ಎಲ್ಲರಿಗೂ ಮೊದಲು ತೋಚುವುದು ಆ ಜಾಗವೇ, ಆದರೆ ಸೂರು ಹೊರಚಾಚಿದ ಪಕಾಸಿಗೆ ಅದು ಕೆಟ್ಟ ಜಾಗ. ಗೋಡೆಯಾಚೆಗಿನ ಮೂರಡಿ ಸೂರು ತನ್ನ ಹಂಚಿನ ಭಾರದಿಂದ ಕೆಳಗೆ ಜಗ್ಗುತ್ತದೆ. ಹೀಗೆ ಜಗ್ಗುವಾಗ ಪಕಾಸಿ ಮುರಿಯಲು ನೋಡುವುದು ಗೋಡೆಯ ತೊಲೆಯ ಮೇಲೆಯೇ. ಅಲ್ಲಿ ಅದರ ಮೇಲ್ಮೈ ಎಳೆತಕ್ಕೆ ಸಿಕ್ಕಿರುತ್ತದೆ. ಗೋಡೆಯಿಂದ ನೆತ್ತಿಯ ತೊಲೆವರೆಗಿನ ಭಾಗದ ಕಥೆ ಬೇರೆ. ಅಲ್ಲಿ ಮರ ನಡುವೆ ಕೆಳಗೆ ಬಾಗುತ್ತದೆ, ಎಳೆತ ತಳದಲ್ಲಿರುತ್ತದೆ. ಒಂದೆಡೆ ಮೇಲ್ಮುಖವಾಗಿ, ಇನ್ನೊಂದೆಡೆ ಕೆಳಮುಖವಾಗಿ ಬಾಗುವ ಮರದಲ್ಲಿ ನಡುವೆ ಎಲ್ಲೋ ಒಂದು ಕಡೆ ಬಾಗುವ ಬಲವೇ ಇಲ್ಲದ ಜಾಗ ಇರಲೇಬೇಕು. ಜೋಡಿನ ನಡುಭಾಗ ಅಲ್ಲಿ ಬರಬೇಕು.

ಆ ಜಾಗ ಹುಡುಕಲು ಸೂರಿನ ಉದ್ದವನ್ನು ಅದೇ ಸಂಖ್ಯೆಯಿಂದ ಗುಣಿಸಿ, ಗೋಡೆಯಿಂದ ನೆತ್ತಿಯ ತೊಲೆವರೆಗಿನ ಉದ್ದದಿಂದ ಭಾಗಿಸಿ. ಎರಡನ್ನೂ ಮಾಡಿನ ಇಳಿಜಾರಿನ ಉದ್ದಕ್ಕೇ ಅಳೆಯಬೇಕು. ಸೂರು 3 ಅಡಿ, ಒಳಭಾಗ 9 ಅಡಿ ಎಂದಿಟ್ಟುಕೊಳ್ಳಿ. 3 ಗುಣಿಸು 3 ಅಂದರೆ 9, ಅದನ್ನು 9ರಿಂದ ಭಾಗಿಸಿದರೆ 1. ಗೋಡೆತೊಲೆಯ ನಡುವಿನಿಂದ ಒಂದಡಿ ಒಳಕ್ಕೆ ಜೋಡಿನ ನಡು ಬರಬೇಕು. ಪಕಾಸಿಗೆ ನೆತ್ತಿ ಮತ್ತು ಗೋಡೆ ಎರಡೇ ಆಧಾರ ಇದ್ದಾಗ ಮಾತ್ರ ಈ ಲೆಕ್ಕ. ನಡುವೆ ಇನ್ನೊಂದು ಅಡ್ಡತೊಲೆ ಪಕಾಸಿಯನ್ನು ಹೊತ್ತಿದ್ದರೆ ಇದನ್ನು ಬಳಸಬೇಡಿ.

ಜಾಗದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. ಓರೆಯಾಗಿ ಸೀಳಿ ಬೋಲ್ಟ್ ಹಾಕಿದ ಜೋಡು, ಅಂದರೆ ಸ್ಕಾರ್ಫ್ ಜಾಯಿಂಟ್, ಎಷ್ಟೇ ನಾಜೂಕಾಗಿ ಕೂತರೂ ಬಾಗುವ ಬಲದ ಎದುರು ಇಡೀ ಮರದ ಸುಮಾರು ಮೂರನೇ ಒಂದು ಪಾಲು ಮಾತ್ರ ತಾಳುತ್ತದೆ ಎಂದು ಇಟ್ಟುಕೊಳ್ಳುವುದು ಕ್ಷೇಮ. ಒಳ್ಳೆಯ ಕೈಗೆಲಸ ಈ ಕೊರತೆಯನ್ನು ಪೂರ್ತಿ ತುಂಬಲಾರದು, ಸರಿಯಾದ ಜಾಗ ತುಂಬುತ್ತದೆ. ಎರಡು ಗೋಡೆಗಳ ಮೇಲೆ ಕೂತ, ಎಲ್ಲೂ ಹೊರಚಾಚದ ಅಟ್ಟದ ತೊಲೆಗೆ ಇಂಥ ಜಾಗವೇ ಸಿಗುವುದಿಲ್ಲ. ಅದನ್ನು ಉದ್ದ ಮಾಡಬೇಕಾದರೆ ಜೋಡಿನ ಕೆಳಗೆ ಕಂಬ ಕೊಡಬೇಕು.

ಈಗ ನಿಮ್ಮ ಪಕಾಸಿಗೆ ಬರೋಣ. ಅಗಲ 3 ಇಂಚು, ಎತ್ತರ 4 ಇಂಚು ಎಂದುಕೊಳ್ಳೋಣ. ಜೋಡಿನ ಉದ್ದ ಎತ್ತರದ ನಾಲ್ಕು ಪಟ್ಟು, ಅಂದರೆ 16 ಇಂಚು. ನಡು ಒಂದಡಿ ಒಳಗೆ ಬಂದರೆ ಜೋಡಿನ ಕೆಳತುದಿ ಗೋಡೆತೊಲೆಯ ನಡುವಿನಿಂದ 4 ಇಂಚು, ಮೇಲ್ತುದಿ 20 ಇಂಚು ದೂರಕ್ಕೆ ಬೀಳುತ್ತದೆ. ಗೋಡೆಯ ಮೇಲೆ ಕೂರುವುದು ಹೊಸ ಮರದ ಪೂರ್ತಿ ದಪ್ಪ. ಹೊಸ ತುಂಡಿಗೆ ಸೂರಿನ 36 ಇಂಚು ಮತ್ತು ಒಳಗಿನ 20 ಸೇರಿ 56 ಇಂಚು ಬೇಕು. ಐದಡಿ ತನ್ನಿ, ತುದಿಯನ್ನು ಕೊನೆಗೆ ಉಳಿದ ಪಕಾಸಿಗಳ ಸಾಲಿಗೆ ಕತ್ತರಿಸಿಕೊಳ್ಳಬಹುದು.

ಕತ್ತರಿಸುವ ಮೊದಲು ಹಳೆಯ ಮರವನ್ನು ಪರೀಕ್ಷಿಸಿ. ಚೂಪಾದ ಸ್ಕ್ರೂಡ್ರೈವರನ್ನು ಗೋಡೆಯಿಂದ ಒಳಕ್ಕೆ ಎರಡು ಅಡಿವರೆಗೆ, ಮುಖ್ಯವಾಗಿ ಮೇಲ್ಮೈಗೆ, ಒತ್ತುತ್ತಾ ಹೋಗಿ. ಕೆಳಗಿನಿಂದ ನೋಡಿದಾಗ ಚೆನ್ನಾಗಿ ಕಾಣುವ ಪಕಾಸಿ ರೀಪಿನ ಅಡಿಯಲ್ಲಿ ಹಿಟ್ಟಾಗಿರುವುದು ಹೊಸದೇನಲ್ಲ. ಗೋಡೆತೊಲೆಯಿಂದ ಒಳಗೆ ಮರ ಗಟ್ಟಿ ಇದ್ದರೆ ಮುಂದುವರಿಯಿರಿ. ಕುಂಬು ಒಂದೂವರೆ ಎರಡಡಿ ಒಳಗೆ ಹೋಗಿದ್ದರೆ ಜೋಡನ್ನು ಇನ್ನೂ ಮೇಲಕ್ಕೆ ಸರಿಸಬೇಕಾಗುತ್ತದೆ. ಅಲ್ಲಿ ಬಾಗುವ ಬಲ ಬೇಗ ಏರುತ್ತದೆ. ಅಂಥ ಪಕಾಸಿಗೆ ಜೋಡು ಬೇಡ, ಪೂರ್ತಿ ಬದಲಿಸಿ.

ಒಂದು ಸಲಕ್ಕೆ ಒಂದೇ ಪಕಾಸಿ. ಅದರ ಎರಡೂ ಪಕ್ಕದ ಹಂಚು ಇಳಿಸಿ, ರೀಪಿನ ಮೊಳೆ ಕಿತ್ತು, ಗೋಡೆಯಿಂದ ಮೂರಡಿ ಒಳಗೆ ಕೆಳಗಿನಿಂದ ಒಂದು ಕಂಬ ಕೊಟ್ಟು ಬೆಣೆ ಹೊಡೆಯಿರಿ. ಪಕಾಸಿಯನ್ನು ಎತ್ತುವಷ್ಟು ಬೆಣೆ ಬೇಡ, ಭಾರ ಹಿಡಿದರೆ ಸಾಕು.

ಜೋಡಿನ ಸೀಳು ಯಾವ ದಿಕ್ಕಿಗೆ ಎಂಬುದರಲ್ಲೂ ತಪ್ಪುವವರಿದ್ದಾರೆ. ಪಕ್ಕದಿಂದ ನೋಡಿದಾಗ ಓರೆ ಕಾಣುವಂತೆ ಸೀಳಿ ಮೇಲಿಂದ ಕೆಳಗೆ ಬೋಲ್ಟ್ ಹಾಕಿದರೆ, ಬೋಲ್ಟಿನ ತಲೆ ರೀಪಿಗೆ ಅಡ್ಡ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದೊಂದು ತುಂಡಿನ ಎತ್ತರವೇ ಕಡಿಮೆಯಾಗುತ್ತದೆ. ಬಾಗುವುದನ್ನು ತಡೆಯುವುದು ಎತ್ತರ. ಆದ್ದರಿಂದ ಸೀಳು ಮೇಲಿನಿಂದ ನೋಡಿದಾಗ ಓರೆ ಕಾಣುವಂತಿರಲಿ, ಬೋಲ್ಟು ಪಕ್ಕದಿಂದ ಪಕ್ಕಕ್ಕೆ ಹೋಗಲಿ. ಆಗ ಎರಡೂ ತುಂಡುಗಳಿಗೆ 4 ಇಂಚಿನ ಪೂರ್ತಿ ಎತ್ತರ ಉಳಿಯುತ್ತದೆ.

ತುದಿಯನ್ನು ಚೂರಿಯಂತೆ ಸೊನ್ನೆಗೆ ಇಳಿಸಬೇಡಿ, ತೆಳು ಅಂಚು ಬೋಲ್ಟ್ ಬಿಗಿಯುವಾಗಲೇ ಸೀಳುತ್ತದೆ. ಮುಕ್ಕಾಲು ಇಂಚಿನ ಮೊಂಡು ಮೂಗು ಬಿಡಿ. ಗುರುತು ಹೀಗೆ: 20 ಇಂಚಿನ ಗೆರೆಯಲ್ಲಿ ಹಳೆಯ ಪಕಾಸಿಯ ಎಡಪಕ್ಕದಿಂದ ಮುಕ್ಕಾಲು ಇಂಚು ಅಳೆದು ಚುಕ್ಕೆ ಇಡಿ, 4 ಇಂಚಿನ ಗೆರೆಯಲ್ಲಿ ಅದೇ ಪಕ್ಕದಿಂದ ಎರಡೂಕಾಲು ಇಂಚಿಗೆ ಇನ್ನೊಂದು. ಎರಡನ್ನೂ ಸೇರಿಸುವ ಗೆರೆಯೇ ಸೀಳು. ಎಡಭಾಗ ಹೋಗುತ್ತದೆ, ಬಲಭಾಗ ಉಳಿಯುತ್ತದೆ. ಮೇಲ್ಮೈ ಮತ್ತು ತಳ ಎರಡಕ್ಕೂ ಗುರುತು ಬೇಕು. ಅದಕ್ಕೆ ಪ್ಲೈವುಡ್ಡಿನಲ್ಲಿ ಒಂದು ಅಚ್ಚು ಮಾಡಿಕೊಂಡು ಹಳೆಯದಕ್ಕೂ ಹೊಸದಕ್ಕೂ ಅದನ್ನೇ ಇಟ್ಟು ಗೀರಿ. ನಾಲ್ಕು ಪಕಾಸಿಗೂ ಅದೊಂದೇ ಸಾಕು.

ಮೊದಲು 4 ಇಂಚಿನ ಗೆರೆಯಲ್ಲಿ ಮೂಲೆಮಟ್ಟಕ್ಕೆ ನೇರ ಕೊಯ್ದು ಕುಂಬಾದ ತುಂಡನ್ನು ಇಳಿಸಿ. ಆಮೇಲೆ ಆ ತುದಿಯಿಂದ ಮೇಲಕ್ಕೆ ಓರೆಗೆರೆಯಲ್ಲಿ ಗರಗಸ ಹಾಕಿ. ಗೆರೆ ಉಳಿಯುವಂತೆ ಹೊರಬದಿಯಲ್ಲಿ ಕೊಯ್ಯಿರಿ. ಉಳಿದ ಕೂದಲೆಳೆಯನ್ನು ಅಗಲ ಉಳಿಯಿಂದ ಕೆತ್ತಿ. ಹೊಸ ತುಂಡನ್ನು ನೆಲದ ಮೇಲೆ ಮಾಡಿಕೊಂಡು ಬನ್ನಿ.

ಎರಡನ್ನೂ ಕೂರಿಸಿ ಸಿ-ಕ್ಲಾಂಪ್ ಹಾಕಿದಾಗ ಸಾಮಾನ್ಯವಾಗಿ ಒಂದು ಮೂಗು ಮುಟ್ಟುತ್ತದೆ, ಇನ್ನೊಂದು ಕಡೆ ಬೆಳಕು ಕಾಣುತ್ತದೆ. ಮುಟ್ಟಿದ ಸಂದಿಯಲ್ಲಿ ಗರಗಸ ಓಡಿಸಿ. ಗರಗಸದ ದಪ್ಪದಷ್ಟು ಮರ ಹೋಗುತ್ತದೆ, ತುಂಡನ್ನು ಅಷ್ಟು ಒಳಕ್ಕೆ ದೂಡಿದರೆ ಎರಡೂ ಮೂಗು ಹತ್ತಿರ ಬರುತ್ತವೆ. ಬೇಕಾದರೆ ಇನ್ನೊಮ್ಮೆ ಓಡಿಸಿ. ಬೋಲ್ಟಿನ ಬಿಗಿಯಿಂದ ಸಂದು ಮುಚ್ಚುತ್ತೇನೆ ಎಂದು ಹೊರಟರೆ ಮುಚ್ಚಿದಂತೆ ಕಾಣುತ್ತದೆ, ಮರ ಒಣಗಿದಾಗ ಮತ್ತೆ ಬಾಯಿ ಬಿಡುತ್ತದೆ.

ಕ್ಲಾಂಪ್ ಇದ್ದಂತೆಯೇ ನೆತ್ತಿಯಿಂದ ಸೂರಿನ ತುದಿಗೆ ದಾರ ಎಳೆದು ನೇರ ನೋಡಿ. ರಂಧ್ರ ಕೊರೆದ ಮೇಲೆ ಸೊಟ್ಟ ತಿದ್ದಲು ಬರುವುದಿಲ್ಲ.

ಬೋಲ್ಟು 10 ಎಂಎಂ, ಒಂದು ಜೋಡಿಗೆ ಮೂರು, ಉದ್ದ 100 ಎಂಎಂ, ಸತು ಲೇಪಿಸಿದ್ದು. ಬರಿಯ ಕಬ್ಬಿಣ ಮಲೆನಾಡಿನ ತೇವದಲ್ಲಿ ತುಕ್ಕು ಹಿಡಿಯುವುದಲ್ಲದೆ, ಮರದ ಒಗರಿನ ಜೊತೆ ಸೇರಿ ರಂಧ್ರದ ಸುತ್ತ ಮರವನ್ನೇ ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಜೋಡಿನ ಒಂದು ತುದಿಯಿಂದ 3, 8, 13 ಇಂಚುಗಳಲ್ಲಿ ರಂಧ್ರ ಬರಲಿ. ಆಗ ಎರಡೂ ತುದಿಗೆ 3 ಇಂಚು ಮರ ಉಳಿಯುತ್ತದೆ. ಬೋಲ್ಟಿನ ದಪ್ಪದ ಏಳು ಪಟ್ಟಿಗಿಂತ ಇದು ಕಡಿಮೆಯಾದರೆ ತುದಿ ಸೀಳುವ ಭಯ. ಮೂರನ್ನೂ ಒಂದೇ ಗೆರೆಯಲ್ಲಿ ಕೊರೆದರೆ ಒಂದರಲ್ಲಿ ಬಿಟ್ಟ ಬಿರುಕು ಎಳೆ ಹಿಡಿದು ಮುಂದಿನದನ್ನು ಮುಟ್ಟುತ್ತದೆ. ಹಾಗಾಗಿ ನಡುಗೆರೆಯಿಂದ ಒಂದನ್ನು 10 ಎಂಎಂ ಮೇಲೆ, ಮುಂದಿನದನ್ನು ಅಷ್ಟೇ ಕೆಳಗೆ ಸರಿಸಿ. ಅಂಚಿಗೆ 40 ಎಂಎಂ, ಅಂದರೆ ಬೋಲ್ಟಿನ ನಾಲ್ಕು ಪಟ್ಟು ಉಳಿಯುತ್ತದೆ. ಇನ್ನೂ ಗಟ್ಟಿ ಇರಲಿ ಎಂದು 16 ಎಂಎಂ ಬೋಲ್ಟ್ ತರುವವರಿದ್ದಾರೆ. 4 ಇಂಚಿನ ಮರದಲ್ಲಿ ಅದಕ್ಕೆ ಬೇಕಾದಷ್ಟು ಅಂಚೇ ಸಿಗುವುದಿಲ್ಲ.

ಸಣ್ಣ ಬಿಟ್ಟಿನಿಂದ ದಾರಿ ಮಾಡಿಕೊಂಡು 11 ಎಂಎಂ ಬಿಟ್ಟಿನಲ್ಲಿ ಎರಡೂ ತುಂಡನ್ನು ಒಟ್ಟಿಗೇ ಕೊರೆಯಿರಿ. ಕಳಚಿ, ಸೀಳಿನ ಮೈಗೂ ರಂಧ್ರಕ್ಕೂ ಗೆದ್ದಲು ಔಷಧಿ ಹಚ್ಚಿ, ಒಣಗಿದ ಮೇಲೆ ಕೂರಿಸಿ. ತಲೆ ಮತ್ತು ನಟ್ ಎರಡೂ ಕಡೆ 40 ಎಂಎಂ ಅಗಲ, 3 ಎಂಎಂ ದಪ್ಪದ ವಾಷರ್ ಹಾಕಿ. ಅಂಗಡಿಯಲ್ಲಿ ಬೋಲ್ಟಿನ ಜೊತೆ ಕೊಡುವ ಚಿಕ್ಕ ವಾಷರ್ ಮರದೊಳಗೆ ಇಳಿದುಬಿಡುತ್ತದೆ. ವಾಷರ್ ಮರವನ್ನು ಒತ್ತಿ ಕೂರುವವರೆಗೆ ಬಿಗಿದರೆ ಸಾಕು, ಎಳೆ ಜಜ್ಜಿ ತಗ್ಗು ಬಿದ್ದರೆ ಹೆಚ್ಚಾಯಿತು. ಜೋಡಿಗೆ ಪ್ಲಾಸ್ಟಿಕ್ ಸುತ್ತಬೇಡಿ, ಒಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ. ಹಂಚಿನ ಸೋರಿಕೆ ಸರಿಪಡಿಸದಿದ್ದರೆ ಹೊಸ ತುದಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಹೊಸ ಮರ ಒಣಗಿದ್ದಾಗಿರಲಿ, ಸಾಧ್ಯವಾದರೆ ಹಳೆಯದರ ಜಾತಿಯದೇ. ಹಸಿ ಮರ ಕುಗ್ಗಿ ನಟ್ ಸಡಿಲಾಗುತ್ತದೆ. ಒಣಮರವೂ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಇಳಿಯುವುದರಿಂದ, ಮೊದಲ ಮಾರ್ಚ್‌–ಏಪ್ರಿಲ್‌ನಲ್ಲಿ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹೀಗಾಗಿ ನಟ್ಟಿನ ಪಕ್ಕಕ್ಕೆ ಕೈ ಹೋಗುವಂತಿರಬೇಕು.

ಜೋಡು ತಾಳಿದೆಯೇ ಎಂದು ತಿಳಿಯಲು ಕೆಲಸ ಮುಗಿದ ದಿನವೇ ಎರಡೂ ಮೂಗಿನ ಹತ್ತಿರ, ಹಳೆ-ಹೊಸ ಮರ ಎರಡನ್ನೂ ದಾಟುವಂತೆ, ಪೆನ್ಸಿಲ್ಲಿನಲ್ಲಿ ಒಂದೊಂದು ಗೆರೆ ಎಳೆದಿಡಿ. ಮಳೆಗಾಲದ ನಂತರ ಗೆರೆ ಮುರಿದು ಮೇಲೆ ಕೆಳಗೆ ಆಗಿದ್ದರೆ ತುಂಡುಗಳು ಜಾರಿವೆ ಎಂದರ್ಥ. ಕೂದಲೆಳೆಯಷ್ಟು ಸರಿದಿದ್ದರೆ ಬೋಲ್ಟು ರಂಧ್ರದಲ್ಲಿ ಕೂತುಕೊಂಡಿದೆ, ಗಾಬರಿ ಬೇಡ. ಮರುವರ್ಷ ಇನ್ನೂ ಸರಿದಿದ್ದರೆ, ಅಥವಾ ಬೋಲ್ಟಿನಿಂದ ಬೋಲ್ಟಿಗೆ ಎಳೆಗುಂಟ ಬಿರುಕು ಕಂಡರೆ, ಕಂಬ ಕೊಟ್ಟು ಹಂಚು ಇಳಿಸಿ. ಹಂಚು ಕೈಯಾಡಿಸುವಾಗ ಜೋಡಿದ ಪಕಾಸಿಯ ಸೂರಿನ ತುದಿಯಲ್ಲಿ ಯಾರನ್ನೂ ನಿಲ್ಲಿಸಬೇಡಿ. ಹಂಚಿನ ಭಾರಕ್ಕೆ ಬಾಗುವ ಬಲವಿಲ್ಲದ ಜಾಗ ಅಂತ ನಾವು ಹುಡುಕಿದ ಆ ಒಂದಡಿ, ಆಳು ತುದಿಗೆ ಹೋಗಿ ನಿಂತ ಕೂಡಲೇ ಹಾಗೆ ಉಳಿಯುವುದಿಲ್ಲ. ಕೆಳಗಿನಿಂದ ಏಣಿ ಇಟ್ಟುಕೊಂಡೇ ಆ ಸಾಲಿನ ಹಂಚು ಹೊದಿಸಿ.